ವಿಮರ್ಶಕರು ಹೇಳಿದ್ದೆಷ್ಟು, ನಾವು ಹೇಳಿಸಿದ್ದೆಷ್ಟು

'ಹ್ಯಾಮ್ಲೆಟ್' ನಾಟಕದ ಮೂರನೇ ಅಂಕ, ಮೂರನೇ ದೃಶ್ಯ. ಅಣ್ಣನನ್ನು ಕೊಂದು ರಾಜನಾದ ಕ್ಲಾಡಿಯಸ್ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದಾನೆ. ಸುತ್ತ ಯಾರೂ ಇಲ್ಲ. ಅವನ ಹಿಂದೆ ಹ್ಯಾಮ್ಲೆಟ್ ಬಂದು ನಿಲ್ಲುತ್ತಾನೆ. ತಂದೆಯ ಸಾವಿಗೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಆದರೂ ಅವನು ಕೊಲ್ಲುವುದಿಲ್ಲ. ಪ್ರಾರ್ಥನೆ ಮಾಡುವಾಗ ಕೊಂದರೆ ಇವನು ಸ್ವರ್ಗಕ್ಕೆ ಹೋಗಿಬಿಡುತ್ತಾನೆ, ಪಾಪದಲ್ಲಿ ಮುಳುಗಿರುವಾಗ ಕೊಂದು ನರಕಕ್ಕೇ ಕಳಿಸುತ್ತೇನೆ ಎಂದುಕೊಂಡು ಹೊರಟುಹೋಗುತ್ತಾನೆ.

ಈ ದೃಶ್ಯದ ಬಗ್ಗೆ ಪ್ರಬಂಧ ಬರೆಯುವವರು ಒಬ್ಬರಲ್ಲ ಒಬ್ಬರು ವಿಮರ್ಶಕರನ್ನು ಓದಲೇಬೇಕಾಗುತ್ತದೆ. ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕಾಗುತ್ತದೆ. ಇದಕ್ಕೆ ಪ್ಯಾರಾಫ್ರೇಸ್ ಎನ್ನುತ್ತೇವೆ. ತಪ್ಪು ಹೆಚ್ಚಾಗಿ ನಡೆಯುವುದೂ ಇಲ್ಲೇ. ಪುಟಗಟ್ಟಲೆ ನಕಲು ಮಾಡುವವರ ವಿಷಯ ನಾನಿಲ್ಲಿ ಮಾತಾಡುತ್ತಿಲ್ಲ, ಅದು ತಪ್ಪು ಎಂದು ಅವರಿಗೂ ಗೊತ್ತು. ಪ್ರಾಮಾಣಿಕವಾಗಿ ಬರೆಯಲು ಕೂತು, ಗೊತ್ತಿಲ್ಲದೆ ಎಡವುವವರ ಬಗ್ಗೆ ನನಗೆ ಕಾಳಜಿ. ಅವರು ಎಡವುವುದು ಎರಡು ಕಡೆ. ಒಂದು, ವಿಮರ್ಶಕರ ವಾಕ್ಯವನ್ನು ಸ್ವಲ್ಪ ಬದಲಿಸಿ ತಮ್ಮದು ಎಂದುಕೊಳ್ಳುತ್ತಾರೆ. ಇನ್ನೊಂದು, ಪದಗಳನ್ನೆಲ್ಲ ಬದಲಿಸುವ ಭರದಲ್ಲಿ ವಿಮರ್ಶಕರು ಹೇಳದೇ ಇದ್ದದ್ದನ್ನು ಅವರ ಬಾಯಲ್ಲಿ ಹೇಳಿಸುತ್ತಾರೆ. ಮೊದಲನೆಯದನ್ನು ಕೃತಿಚೌರ್ಯ ಎನ್ನುತ್ತೇವೆ. ಎರಡನೆಯದಕ್ಕೆ ಅಂಥ ಹೆಸರಿಲ್ಲ, ಆದರೆ ನನಗೆ ಅದು ಅಷ್ಟೇ ದೊಡ್ಡ ತಪ್ಪಾಗಿ ಕಾಣುತ್ತದೆ.

ಹ್ಯಾಮ್ಲೆಟ್‌ನ ಈ ದೃಶ್ಯವನ್ನೇ ಹಿಡಿದು ನೋಡೋಣ. 1765ರಲ್ಲಿ ತಾವು ಸಂಪಾದಿಸಿದ ಶೇಕ್ಸ್‌ಪಿಯರ್ ನಾಟಕಗಳ ಟಿಪ್ಪಣಿಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ಮಾತನ್ನು ಓದಿ ಹೌಹಾರುತ್ತಾರೆ. ಒಬ್ಬನನ್ನು ಕೊಂದರೆ ಸಾಲದು, ಅವನು ನರಕಕ್ಕೂ ಹೋಗಬೇಕು ಎಂಬ ಆಸೆ ಓದಲೂ ಆಗದಷ್ಟು ಘೋರ ಎನ್ನುತ್ತಾರೆ. 1817ರಲ್ಲಿ ವಿಲಿಯಂ ಹ್ಯಾಜ್ಲಿಟ್ ಬೇರೆ ದಾರಿ ಹಿಡಿಯುತ್ತಾರೆ. ಅವರ ಪ್ರಕಾರ ಇದೆಲ್ಲ ಹ್ಯಾಮ್ಲೆಟ್ ತನ್ನ ಸ್ವಂತ ನಿರ್ಧಾರದ ಕೊರತೆಗೆ ಹುಡುಕಿಕೊಂಡ ನೆಪ. 1904ರಲ್ಲಿ ಎ. ಸಿ. ಬ್ರ್ಯಾಡ್ಲಿ ಶೇಕ್ಸ್‌ಪಿಯರ್ ದುರಂತ ನಾಟಕಗಳ ಮೇಲಿನ ತಮ್ಮ ಉಪನ್ಯಾಸಗಳನ್ನು ಪುಸ್ತಕವಾಗಿ ಪ್ರಕಟಿಸುತ್ತಾರೆ. ಅದರ ನಾಲ್ಕನೇ ಉಪನ್ಯಾಸದಲ್ಲಿ ಈ ದೃಶ್ಯ ಬರುತ್ತದೆ. ಹ್ಯಾಮ್ಲೆಟ್ ಕೊಡುವ ಕಾರಣ ಒಂದು ನೆಪ, ಅದೂ ಅವನಿಗೇ ಅರಿವಿಲ್ಲದ ನೆಪ ಎಂದು ಅವರೂ ಹೇಳುತ್ತಾರೆ. ಆದರೆ ಹಾಗೆ ಹೇಳುವಾಗ, ಇದನ್ನು ಈಗ ಬಹುಮಟ್ಟಿಗೆ ಎಲ್ಲರೂ ಒಪ್ಪಿದ್ದಾರೆ ಎಂದೂ ಸೇರಿಸುತ್ತಾರೆ.

ಆ ಕೊನೆಯ ಮಾತನ್ನು ಗಮನಿಸಿ. "ನರಕದ ಮಾತು ಬರೀ ನೆಪ ಎಂದು ಬ್ರ್ಯಾಡ್ಲಿ ಕಂಡುಹಿಡಿದರು" ಎಂದು ನೀವು ಬರೆದರೆ ಪುಟ ಸಂಖ್ಯೆ ಸರಿ ಇರಬಹುದು, ಹೆಸರು ಸರಿ ಇರಬಹುದು, ಆದರೂ ವಾಕ್ಯ ತಪ್ಪು. ಅದು ಅವರ ಸಂಶೋಧನೆಯಲ್ಲ ಎಂದು ಅವರೇ ಹೇಳಿದ್ದಾರೆ. ಹಾಗಾದರೆ ಅವರ ಸ್ವಂತ ಪಾಲು ಯಾವುದು? ಪ್ಯಾರಾಫ್ರೇಸ್ ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಒಬ್ಬ ವಿಮರ್ಶಕರ ಒಂದು ಪುಟದಲ್ಲಿ ನಾಟಕದ ಕಥೆ ಇರುತ್ತದೆ, ಬೇರೆಯವರ ಅಭಿಪ್ರಾಯ ಇರುತ್ತದೆ, ತಾವು ಒಪ್ಪದ ವಾದದ ಸಾರಾಂಶವೂ ಇರುತ್ತದೆ. ಅವರದೇ ಎನ್ನುವ ಮಾತು ಕೆಲವೊಮ್ಮೆ ಎರಡೇ ಸಾಲು. ಆ ಎರಡು ಸಾಲು ಸಿಗುವವರೆಗೆ ಪೆನ್ನು ಹಿಡಿಯಬಾರದು.

ಬ್ರ್ಯಾಡ್ಲಿಯವರ ಆ ಸಾಲನ್ನು ಕನ್ನಡದಲ್ಲಿ ಹೀಗೆ ಹೇಳಬಹುದು, ಅನುವಾದ ನನ್ನದು: "ಹ್ಯಾಮ್ಲೆಟ್ ಹೊರಹಾಕುವ ತೀವ್ರ ದ್ವೇಷದ ಭಾವನೆ ಅವನು ರಾಜನನ್ನು ಬಿಟ್ಟುಬಿಡಲು ಕಾರಣವಲ್ಲ, ಮನಸ್ಸಿನಾಳದಲ್ಲಿ ಅವನಿಗೂ ಇದು ಗೊತ್ತು, ಆದರೆ ಅಷ್ಟರಿಂದ ಆ ಭಾವನೆ ಸುಳ್ಳು ಎಂದಾಗುವುದಿಲ್ಲ." ಇದಾದ ಮೇಲೆ ಅವರು ಇನ್ನೂ ಸ್ವಲ್ಪ ಮುಂದೆ ಹೋಗುತ್ತಾರೆ. ತಂದೆಯನ್ನು ಕೊಂದವನನ್ನು ಸ್ವರ್ಗಕ್ಕೆ ಕಳಿಸಲು ಹ್ಯಾಮ್ಲೆಟ್‌ಗೆ ಬೇಸರವಾಗುತ್ತಿತ್ತು ಎಂಬುದರಲ್ಲಿ ಸಂಶಯಪಡಲು ಯಾವ ಕಾರಣವೂ ಇಲ್ಲ ಎನ್ನುತ್ತಾರೆ. ನರಕಕ್ಕೆ ಕಳಿಸಲು ಅವನಿಗೆ ಸಂತೋಷವಾಗುತ್ತಿತ್ತು ಎಂಬುದರಲ್ಲೂ ಹೆಚ್ಚು ಸಂಶಯಕ್ಕೆ ಕಾರಣವಿಲ್ಲ ಎನ್ನುತ್ತಾರೆ. ಅವನ ಮಾತು ಘೋರವಾಗಿದೆ ಎಂದು ಅವನು ಕೊಡುವ ಕಾರಣವನ್ನು ತಳ್ಳಿಹಾಕಬೇಕಿಲ್ಲ, ಅವನ ಹಿಂಜರಿಕೆಗೆ ಬೇರೆ ಕಾರಣಗಳಿರುವುದು ನಾಟಕದ ಬೇರೆ ಕಡೆ ಮತ್ತು ಈ ಮಾತಿನ ಆರಂಭದಲ್ಲೇ ಕಾಣುತ್ತದೆ, ಆದ್ದರಿಂದ ತಳ್ಳಿಹಾಕಬೇಕು ಎಂಬುದು ಅವರ ನಿಲುವು.

ಈಗ ಒಬ್ಬ ವಿದ್ಯಾರ್ಥಿನಿ ಇದನ್ನು ತನ್ನ ಪ್ರಬಂಧಕ್ಕೆ ತರುತ್ತಾಳೆ ಎಂದುಕೊಳ್ಳೋಣ. ಮೊದಲ ಪ್ರಯತ್ನ ಹೀಗಿದೆ: "ಹ್ಯಾಮ್ಲೆಟ್ ವ್ಯಕ್ತಪಡಿಸುವ ಗಾಢ ಹಗೆತನದ ಅನಿಸಿಕೆ ಅವನು ದೊರೆಯನ್ನು ಉಳಿಸಲು ಕಾರಣವಲ್ಲ, ಒಳಗೊಳಗೆ ಅವನಿಗೂ ಇದರ ಅರಿವಿದೆ, ಹಾಗೆಂದ ಮಾತ್ರಕ್ಕೆ ಆ ಅನಿಸಿಕೆ ಹುಸಿ ಎಂದಾಗದು (ಬ್ರ್ಯಾಡ್ಲಿ)."

ದ್ವೇಷ ಹಗೆತನವಾಯಿತು, ರಾಜ ದೊರೆಯಾದ, ಸುಳ್ಳು ಹುಸಿಯಾಯಿತು. ವಾಕ್ಯದ ಮೈಕಟ್ಟು ಮಾತ್ರ ಹಾಗೇ ಉಳಿಯಿತು. ಅಲ್ಪವಿರಾಮ ಕೂಡ ಅದೇ ಜಾಗದಲ್ಲಿದೆ. ಬರವಣಿಗೆ ಕಲಿಸುವ ರೆಬೆಕಾ ಮೂರ್ ಹೋವರ್ಡ್ ಎಂಬ ಅಮೆರಿಕದ ವಿದ್ವಾಂಸರು 1990ರ ದಶಕದಲ್ಲಿ ಇಂಥ ಬರಹಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ತೇಪೆ ಬರಹ ಎನ್ನಬಹುದು. ಮೂಲದ ಬಟ್ಟೆಯ ಮೇಲೆ ಅಲ್ಲಲ್ಲಿ ಬೇರೆ ಪದದ ತೇಪೆ. ಇದು ಮೋಸ ಮಾಡುವ ಉದ್ದೇಶದಿಂದಲೇ ಬರುತ್ತದೆ ಎನ್ನುವಂತಿಲ್ಲ ಎಂದು ಹೋವರ್ಡ್ ವಾದಿಸಿದರು. ಕಷ್ಟದ ಪಠ್ಯವನ್ನು ಅರ್ಥ ಮಾಡಿಕೊಳ್ಳಲು ಒದ್ದಾಡುವವರು ಹಾದುಹೋಗುವ ಒಂದು ಹಂತ ಅದು ಎಂದರು. ನನಗೆ ಇದು ಸರಿ ಅನ್ನಿಸುತ್ತದೆ. ಆದರೆ ಹಂತ ಎಂದ ಮೇಲೆ ಅದನ್ನು ದಾಟಬೇಕು, ಅಲ್ವಾ? ಕರಡಿನಲ್ಲಿ ತೇಪೆ ಇರಲಿ, ಒಪ್ಪಿಸುವ ಪ್ರಬಂಧದಲ್ಲಿ ಇರಬಾರದು.

ಇಲ್ಲಿ ಹಲವರು ಕೇಳುತ್ತಾರೆ, ಆವರಣದಲ್ಲಿ ಬ್ರ್ಯಾಡ್ಲಿ ಹೆಸರು ಹಾಕಿದ್ದೇವಲ್ಲ, ಮತ್ತೇನು ತಪ್ಪು? ಹೆಸರು ಹಾಕಿದಾಗ ವಿಚಾರ ಅವರದು ಎಂದು ಒಪ್ಪಿಕೊಂಡಂತಾಯಿತು. ಆದರೆ ಉದ್ಧರಣ ಚಿಹ್ನೆ ಹಾಕದಿದ್ದಾಗ ವಾಕ್ಯ ನನ್ನದು ಎಂದೂ ಹೇಳಿದಂತಾಯಿತು. ಆ ಎರಡನೇ ಮಾತು ಸುಳ್ಳು. ವಿಚಾರದ ಸಾಲ ಬೇರೆ, ವಾಕ್ಯದ ಸಾಲ ಬೇರೆ. ಎರಡನ್ನೂ ತೀರಿಸಬೇಕು.

ವಿಮರ್ಶೆ ಇಂಗ್ಲಿಷಿನಲ್ಲಿದ್ದು ಪ್ರಬಂಧ ಕನ್ನಡದಲ್ಲಿದ್ದರೆ ಈ ಗೊಂದಲ ಇನ್ನೂ ಜಾಸ್ತಿ. ವಾಕ್ಯವನ್ನು ಅನುವಾದ ಮಾಡಲು ಅಷ್ಟು ಕಷ್ಟಪಟ್ಟಿರುತ್ತೇವೆ, ಪ್ರತಿ ಪದವೂ ನಮ್ಮ ಕೈಯಿಂದಲೇ ಬಂದಿರುತ್ತದೆ. ಹಾಗಾಗಿ ಅದು ನಮ್ಮದೇ ಎನ್ನಿಸಿಬಿಡುತ್ತದೆ. ಆದರೆ ಅನುವಾದ ಪ್ಯಾರಾಫ್ರೇಸ್ ಅಲ್ಲ. ಅನುವಾದವೆಂದರೆ ಬೇರೆ ಭಾಷೆಯಲ್ಲಿರುವ ಉದ್ಧರಣೆ. ಅದಕ್ಕೆ ಉದ್ಧರಣ ಚಿಹ್ನೆ ಬೇಕು, ಪುಟ ಸಂಖ್ಯೆ ಬೇಕು, "ಅನುವಾದ ನನ್ನದು" ಎಂಬ ಮಾತೂ ಬೇಕು. ಹೋಲಿಕೆ ಪತ್ತೆ ಮಾಡುವ ಸಾಫ್ಟ್‌ವೇರ್ ಇಂಥ ವಾಕ್ಯವನ್ನು ಬಹಳ ಸಲ ಹಿಡಿಯುವುದಿಲ್ಲ, ಅದು ಮುಖ್ಯವಾಗಿ ಒಂದೇ ರೀತಿಯ ಪದಸಾಲುಗಳನ್ನು ಹುಡುಕುತ್ತದೆ. ಅದರ ವರದಿಯಲ್ಲಿ ಕಡಿಮೆ ಶೇಕಡಾ ಬಂತೆಂದರೆ ಪ್ರಬಂಧ ಸ್ವಚ್ಛವಾಗಿದೆ ಎಂದಲ್ಲ.

ಮೊದಲ ಪ್ರಯತ್ನ ತೇಪೆ ಎಂದು ಗೊತ್ತಾದ ಮೇಲೆ ನಮ್ಮ ವಿದ್ಯಾರ್ಥಿನಿ ಪುಸ್ತಕವನ್ನು ದೂರ ಇಟ್ಟು ಬರೆಯುತ್ತಾಳೆ: "ಬ್ರ್ಯಾಡ್ಲಿಯವರ ಪ್ರಕಾರ ಹ್ಯಾಮ್ಲೆಟ್‌ನ ನರಕದ ಮಾತು ಬರೀ ಬಾಯಿಮಾತು. ಅವನಿಗೆ ಚಿಕ್ಕಪ್ಪನ ಮೇಲೆ ನಿಜವಾದ ದ್ವೇಷವೇ ಇಲ್ಲ, ಇದ್ದಿದ್ದರೆ ಆಗಲೇ ಕೊಲ್ಲುತ್ತಿದ್ದ."

ಒಂದು ಪದವೂ ಕದ್ದದ್ದಲ್ಲ. ವಾಕ್ಯ ಅವಳದೇ, ಚೆನ್ನಾಗಿಯೂ ಇದೆ. ಆದರೆ ಬ್ರ್ಯಾಡ್ಲಿ ಹೇಳಿದ್ದು ಇದಕ್ಕೆ ಪೂರ್ತಿ ವಿರುದ್ಧ. ದ್ವೇಷ ನಿಜ ಎಂದು ಸಾಧಿಸಲು ಅವರು ಅಷ್ಟು ದೂರ ಹೋಗಿದ್ದಾರೆ. ಹೀಗಾಗಲು ಕಾರಣ ಸುಲಭವಾಗಿ ಕಾಣುತ್ತದೆ. ಬ್ರ್ಯಾಡ್ಲಿ ಮಾತಿನಲ್ಲಿ ಎರಡು ಭಾಗಗಳಿವೆ, ನಡುವೆ ಒಂದು "ಆದರೆ". ದ್ವೇಷ ಕಾರಣವಲ್ಲ, ಆದರೆ ದ್ವೇಷ ಸುಳ್ಳೂ ಅಲ್ಲ. ನೆನಪಿನಲ್ಲಿ ಉಳಿಯುವುದು ಮೊದಲ ಭಾಗ. ಎರಡನೆಯದು ಜಾರಿಹೋಗುತ್ತದೆ. ವಿಮರ್ಶಕರ ಸೂಕ್ಷ್ಮವೆಲ್ಲ ಸಾಮಾನ್ಯವಾಗಿ ಆ "ಆದರೆ"ಯ ಆಚೆಗೆ ಇರುತ್ತದೆ. "ಹಾಗಿದ್ದರೂ", "ಬಹುಮಟ್ಟಿಗೆ", "ಈ ದೃಶ್ಯದಲ್ಲಿ ಮಾತ್ರ" ಇಂಥ ಪದಗಳೂ ಅಷ್ಟೇ. ಅವು ಸುಮ್ನೆ ಬಂದ ಪದಗಳಲ್ಲ. ಅವನ್ನು ಬಿಟ್ಟರೆ ವಾದವೇ ಬದಲಾಗುತ್ತದೆ.

ಹೀಗೆ ಬದಲಾದ ವಾದ ನಮಗೆ ಅನುಕೂಲವಾಗಿಯೂ ಇರುತ್ತದೆ, ಅಪಾಯ ಇರುವುದು ಅಲ್ಲೇ. ಹ್ಯಾಮ್ಲೆಟ್‌ಗೆ ಚಿಕ್ಕಪ್ಪನ ಮೇಲೆ ದ್ವೇಷವಿತ್ತು ಎಂದು ವಾದಿಸಲು ಹೊರಟವಳಿಗೆ, ದ್ವೇಷವೇ ಇಲ್ಲ ಎನ್ನುವ ಬ್ರ್ಯಾಡ್ಲಿ ಸಿಕ್ಕರೆ ಒಳ್ಳೆಯದೇ. ಅವರನ್ನು ಸುಲಭವಾಗಿ ಸೋಲಿಸಬಹುದು. ಆದರೆ ಹಾಗೆ ಸೋತದ್ದು ಬ್ರ್ಯಾಡ್ಲಿ ಅಲ್ಲ, ಅವರ ಹೆಸರಿನ ಒಂದು ಬೊಂಬೆ. ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ವಿಮರ್ಶಕರು ಎದುರಿಗೆ ಕೂತು ನನ್ನ ವಾಕ್ಯ ಓದಿದರೆ, "ಹೌದು, ನಾನು ಹೇಳಿದ್ದು ಇದೇ, ಈಗ ನಿಮ್ಮ ಆಕ್ಷೇಪಣೆ ಹೇಳಿ" ಎನ್ನುತ್ತಾರೆಯೇ? ಒಪ್ಪದವರ ಮಾತನ್ನು ಬರೆಯುವಾಗ ಈ ಪರೀಕ್ಷೆ ಇನ್ನೂ ಹೆಚ್ಚು ಬೇಕು.

ಮೂರನೇ ಪ್ರಯತ್ನ: "ಹ್ಯಾಮ್ಲೆಟ್ ಕೊಡುವ ಕಾರಣವನ್ನು ಬ್ರ್ಯಾಡ್ಲಿ ನಂಬುವುದಿಲ್ಲ, ಆದರೆ ಅವನ ದ್ವೇಷವನ್ನು ನಂಬುತ್ತಾರೆ. ಕ್ಲಾಡಿಯಸ್ ಸ್ವರ್ಗಕ್ಕೆ ಹೋಗಬಾರದು, ನರಕಕ್ಕೆ ಹೋಗಬೇಕು ಎಂಬ ಆಸೆ ಖಂಡಿತ ನಿಜ, ಆದರೆ ಕತ್ತಿಯನ್ನು ತಡೆದದ್ದು ಆ ಆಸೆಯಲ್ಲ ಎಂಬುದು ಅವರ ವಾದ."

ಇದು ಬಹಳ ಹತ್ತಿರ ಬಂತು. "ದ್ವೇಷ" ಎಂಬ ಪದ ಮೂಲದಲ್ಲೂ ಇದೆ, ಅದಕ್ಕೆ ಹೆದರಬೇಕಿಲ್ಲ. ದ್ವೇಷ, ಪ್ರಾರ್ಥನೆ, ಕಾರಣ ಇವು ಯಾರ ಸ್ವತ್ತೂ ಅಲ್ಲ. ಅವಕ್ಕೆ ಬದಲಿ ಪದ ಹುಡುಕಿ ವಾಕ್ಯವನ್ನು ಕೆಡಿಸಬಾರದು. ವಿಮರ್ಶಕರೇ ಕಟ್ಟಿದ ಒಂದು ಪದ, ಅವರದೇ ಎಂದು ಗುರುತು ಸಿಗುವ ಒಂದು ನುಡಿ ಇದ್ದರೆ ಅದಕ್ಕೆ ಮಾತ್ರ ಉದ್ಧರಣ ಚಿಹ್ನೆ ಹಾಕಿ ಹಾಗೇ ಇಟ್ಟುಕೊಳ್ಳಬೇಕು.

ಇಷ್ಟಾದ ಮೇಲೆ ಪುಸ್ತಕ ಮತ್ತೆ ತೆರೆಯಬೇಕು. ಮುಚ್ಚಿಟ್ಟು ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ತೆರೆದು ತಾಳೆ ನೋಡಿ ಎಂಬ ಎರಡನೇ ಅರ್ಧವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತಾಳೆ ನೋಡಿದರೆ ಇಲ್ಲೊಂದು ಸಣ್ಣ ವ್ಯತ್ಯಾಸ ಸಿಗುತ್ತದೆ. ಸ್ವರ್ಗದ ವಿಷಯದಲ್ಲಿ ಬ್ರ್ಯಾಡ್ಲಿಗೆ ಯಾವ ಸಂಶಯವೂ ಇಲ್ಲ. ನರಕದ ವಿಷಯದಲ್ಲಿ "ಹೆಚ್ಚು" ಸಂಶಯವಿಲ್ಲ. ಒಂದು ಕೂದಲೆಳೆಯಷ್ಟು ಕಡಿಮೆ ಖಚಿತ. ನಮ್ಮ ವಾಕ್ಯದ "ಖಂಡಿತ" ಎರಡನ್ನೂ ಒಂದೇ ಮಾಡಿಬಿಟ್ಟಿದೆ. ಆದ್ದರಿಂದ ಅದನ್ನು ಹೀಗೆ ತಿದ್ದಬಹುದು: "ಕ್ಲಾಡಿಯಸ್ ಸ್ವರ್ಗಕ್ಕೆ ಹೋಗಬಾರದು ಎಂಬ ಆಸೆ ಖಂಡಿತ ನಿಜ, ನರಕಕ್ಕೇ ಹೋಗಲಿ ಎಂಬುದೂ ಬಹುತೇಕ ನಿಜ, ಆದರೆ ಕತ್ತಿಯನ್ನು ತಡೆದದ್ದು ಆ ಆಸೆಗಳಲ್ಲ ಎಂಬುದು ಅವರ ವಾದ." ಕೊನೆಗೆ ಆವರಣದಲ್ಲಿ ಹೆಸರು, ಪುಟ. ಪ್ಯಾರಾಫ್ರೇಸ್‌ಗೆ ಪುಟ ಸಂಖ್ಯೆ ಬೇಡ ಎಂದು ಕೆಲವರು ತಿಳಿದಿದ್ದಾರೆ. ಸಾಹಿತ್ಯ ಪ್ರಬಂಧಗಳಲ್ಲಿ ಹೆಚ್ಚು ಬಳಸುವ ಎಂಎಲ್‌ಎ ಎಂಬ ಆಕರ ಸೂಚನೆಯ ಪದ್ಧತಿಯಲ್ಲಿ ಅದು ಬೇಕೇ ಬೇಕು. ಓದುಗರು ಹೋಗಿ ತಾಳೆ ನೋಡಲು ಬೇರೆ ದಾರಿಯಿಲ್ಲ.

ಇನ್ನು ಪದವೂ ಕದಿಯದೆ, ಅರ್ಥವೂ ಕೆಡಿಸದೆ ಮಾಡುವ ಒಂದು ಚೌರ್ಯವಿದೆ. ಸಾಹಿತ್ಯದಲ್ಲಿ ಇದು ಬಹಳ ನಡೆಯುತ್ತದೆ, ಆದರೆ ಇದರ ಬಗ್ಗೆ ಮಾತು ಕಡಿಮೆ. ಹ್ಯಾಮ್ಲೆಟ್‌ನ ಮಾತು ಶುರುವಾಗುವುದೇ, ಈಗ ನಾನು ಇದನ್ನು ಮಾಡಬಹುದು ಎಂಬ ಅರ್ಥದ ಪದಗಳಿಂದ. ಮಾಡುತ್ತೇನೆ ಎಂದಲ್ಲ, ಮಾಡಬಹುದು ಎಂದು. ಆ ಮೊದಲ ಪದಗಳಲ್ಲೇ ಅವನಿಗೆ ಮಾಡುವ ಮನಸ್ಸಿಲ್ಲ ಎಂದು ಗೊತ್ತಾಗುತ್ತದೆ ಎಂದವರು ಬ್ರ್ಯಾಡ್ಲಿ. ನಂತರದ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ನಡುವಿನ ನಿಲುಗಡೆಗಳಲ್ಲಿ ಅವನ ಮನಸ್ಸು ಮತ್ತೆ ಜಡವಾಗುವುದನ್ನೂ ಅವರು ಗುರುತಿಸುತ್ತಾರೆ. ಈಗ ನಮ್ಮ ವಿದ್ಯಾರ್ಥಿನಿ ನೇರ ನಾಟಕಕ್ಕೆ ಹೋಗಿ ಅದೇ ಸಾಲನ್ನು ಉದ್ಧರಿಸಿ, "ಇಲ್ಲಿ 'ಮಾಡಬಹುದು' ಎಂಬ ಪದವನ್ನು ಗಮನಿಸಬೇಕು" ಎಂದು ಬರೆದರೆ? ಸಾಲು ಶೇಕ್ಸ್‌ಪಿಯರ್ ಅವರದು. ನಾಟಕ ಎಲ್ಲರದೂ. ಆದರೆ ಅಲ್ಲಿ ನಿಂತು ನೋಡಿ ಎಂದು ಬೆರಳು ತೋರಿದವರು ಬ್ರ್ಯಾಡ್ಲಿ. ಸಾವಿರಾರು ಸಾಲುಗಳಲ್ಲಿ ಇದನ್ನೇ ಆರಿಸಿ ಇದಕ್ಕೆ ಈ ಅರ್ಥ ಕೊಟ್ಟದ್ದು ವಿಮರ್ಶಕರ ಶ್ರಮ. ಸಾಹಿತ್ಯ ವಿಮರ್ಶೆಯಲ್ಲಿ ಓದುವ ರೀತಿಯೇ ಆಸ್ತಿ. ಆದ್ದರಿಂದ ಇಲ್ಲೂ ಹೆಸರು ಬೇಕು: "ಬ್ರ್ಯಾಡ್ಲಿ ಗಮನಿಸಿದಂತೆ, ಮಾತು ಶುರುವಾಗುವುದೇ ಸಾಧ್ಯತೆಯ ಪದದಿಂದ." ಹ್ಯಾಮ್ಲೆಟ್ ಕ್ಲಾಡಿಯಸ್‌ನನ್ನು ಕೊಲ್ಲದೆ ಹೋದ ಎಂಬ ಸಂಗತಿಗೆ, ಅವನ ವಿಳಂಬ ಬಹುಕಾಲದಿಂದ ಚರ್ಚೆಯಾಗುತ್ತಿದೆ ಎಂಬುದಕ್ಕೆ ಯಾರ ಹೆಸರೂ ಬೇಡ. ನಾಟಕ ಓದಿದವರೆಲ್ಲರಿಗೂ ಗೊತ್ತಿರುವುದು ಯಾರ ಸ್ವಂತದ್ದೂ ಅಲ್ಲ.

ಕನ್ನಡ ವಾಕ್ಯದ ಒಂದು ಗುಣವೂ ನಮ್ಮನ್ನು ಕಷ್ಟಕ್ಕೆ ಸಿಕ್ಕಿಸುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಎಂದು ಬ್ರ್ಯಾಡ್ಲಿ ಹೇಳುತ್ತಾರೆ" ಎಂಬುದು ನಾಲ್ಕು ಸಾಲಿನ ವಾಕ್ಯದ ತುದಿಯಲ್ಲಿ ಬಂದರೆ, ಅಲ್ಲಿಯವರೆಗೆ ಓದುಗರು ಅದನ್ನು ನಿಮ್ಮ ಮಾತು ಎಂದೇ ಓದುತ್ತಾರೆ. ಮುಂದಿನ ವಾಕ್ಯದಲ್ಲಿ "ಎಂದು" ಇಲ್ಲದಿದ್ದರೆ ಅದು ಯಾರ ಮಾತು? ಬ್ರ್ಯಾಡ್ಲಿಯವರದೇ ಮುಂದುವರಿಯಿತೇ, ನಿಮ್ಮದು ಶುರುವಾಯಿತೇ? ಪ್ಯಾರಾದ ಕೊನೆಯಲ್ಲಿ ಒಂದೇ ಒಂದು ಆವರಣ ಹಾಕಿದರೆ ಅದು ಕೊನೆಯ ವಾಕ್ಯಕ್ಕೋ ಇಡೀ ಪ್ಯಾರಾಕ್ಕೋ ತಿಳಿಯುವುದಿಲ್ಲ. ಇದಕ್ಕೆ ಸರಳ ಉಪಾಯವಿದೆ. ಹೆಸರನ್ನು ವಾಕ್ಯದ ಮೊದಲಿಗೆ ತನ್ನಿ. ಅವರ ಮಾತು ಮುಂದುವರಿದರೆ "ಅವರ ಪ್ರಕಾರ", "ಇದಕ್ಕೆ ಅವರು ಕೊಡುವ ಆಧಾರ" ಎಂದು ಮಧ್ಯೆ ಮತ್ತೆ ನೆನಪಿಸಿ. ಅವರ ಮಾತು ಮುಗಿದಲ್ಲಿ ಪುಟ ಸಂಖ್ಯೆ ಹಾಕಿ. ನಿಮ್ಮ ಮಾತು ಶುರುವಾಗುವಲ್ಲಿ "ನನಗೆ ಕಾಣುವಂತೆ" ಎನ್ನಲು ಸಂಕೋಚ ಬೇಡ.

"ಎನ್ನಲಾಗಿದೆ", "ವಿಮರ್ಶಕರು ಅಭಿಪ್ರಾಯಪಡುತ್ತಾರೆ" ಎಂಬ ಮಾತುಗಳನ್ನು ನಾನು ಕಂಡಲ್ಲೆಲ್ಲ ಗೆರೆ ಎಳೆಯುತ್ತೇನೆ. ಯಾರು ಅಂದರು? ಜಾನ್ಸನ್ ಅವರೋ ಹ್ಯಾಜ್ಲಿಟ್ ಅವರೋ? ಇಬ್ಬರೂ ಹೇಳಿದ್ದು ಬೇರೆ ಬೇರೆ. "ತೋರಿಸಿಕೊಟ್ಟಿದ್ದಾರೆ" ಎಂಬುದೂ ಎಚ್ಚರದ ಪದ. ಹಾಗೆ ಬರೆದರೆ ಅವರ ವಾದವನ್ನು ನೀವು ಒಪ್ಪಿದ್ದೀರಿ ಎಂದಾಗುತ್ತದೆ. ಒಪ್ಪಿಲ್ಲದಿದ್ದರೆ "ವಾದಿಸುತ್ತಾರೆ" ಸಾಕು. ಜಾನ್ಸನ್ ಅವರ ಮಾತನ್ನು ನೀವು ಅವರ ಟಿಪ್ಪಣಿಯಲ್ಲಿ ಓದದೆ ಇನ್ನೊಬ್ಬರ ಪುಸ್ತಕದಲ್ಲಿ ಓದಿದ್ದರೆ, ಆ ಪುಸ್ತಕದ ಮೂಲಕ ಸಿಕ್ಕಿತು ಎಂದು ಬರೆಯಬೇಕು. ಓದದ ಪುಸ್ತಕದ ಪುಟ ಸಂಖ್ಯೆ ಕೊಡುವುದು ಓದಿದ್ದೇನೆ ಎಂಬ ಸುಳ್ಳು.

ಇಷ್ಟೆಲ್ಲ ಎಚ್ಚರ ಬರೆಯುವಾಗ ಸಾಲದು, ಟಿಪ್ಪಣಿ ಮಾಡುವಾಗಲೇ ಬೇಕು. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಒಳ್ಳೆಯ ವಾಕ್ಯ ಸಿಕ್ಕಿ, ಅದು ನಾನೇ ಬರೆದದ್ದೋ ಎಲ್ಲಿಂದಲೋ ಇಳಿಸಿಕೊಂಡದ್ದೋ ತಿಳಿಯದೆ ಅದನ್ನು ಬಿಟ್ಟುಬಿಡಬೇಕಾಗಿ ಬಂದಿತ್ತು. ಅಂದಿನಿಂದ ಮೂರು ಗುರುತು ಇಟ್ಟುಕೊಂಡಿದ್ದೇನೆ. ಹಾಗೇ ಇಳಿಸಿಕೊಂಡ ಸಾಲಿಗೆ ಉದ್ಧರಣ ಚಿಹ್ನೆ, ಅಲ್ಲೇ ಪುಟ ಸಂಖ್ಯೆ. ನನ್ನ ಮಾತಿನಲ್ಲಿ ಬರೆದ ಅವರ ವಿಚಾರಕ್ಕೆ ಅವರ ಹೆಸರಿನ ಮೊದಲ ಅಕ್ಷರ ಮತ್ತು ಪುಟ. ನನಗೆ ಹೊಳೆದದ್ದಕ್ಕೆ "ನಾ" ಎಂದು ಅಂಚಿನಲ್ಲಿ.

ನಮ್ಮ ವಿದ್ಯಾರ್ಥಿನಿಯ ಟಿಪ್ಪಣಿಯಲ್ಲಿ ಆ "ನಾ" ಎಲ್ಲಿ ಬರಬಹುದು ನೋಡಿ. ಬ್ರ್ಯಾಡ್ಲಿ ಒಂದು ಕಡೆ, ಈ ನೆಪ ಹ್ಯಾಮ್ಲೆಟ್‌ಗೇ ಅರಿವಿಲ್ಲದ್ದು ಎನ್ನುತ್ತಾರೆ. ಸ್ವಲ್ಪ ಮುಂದೆ, ದ್ವೇಷ ಕಾರಣವಲ್ಲ ಎಂದು ಮನಸ್ಸಿನಾಳದಲ್ಲಿ ಅವನಿಗೆ ಗೊತ್ತು ಎನ್ನುತ್ತಾರೆ. ಅರಿವಿಲ್ಲ, ಆದರೂ ಗೊತ್ತು. ಇವೆರಡೂ ಒಟ್ಟಿಗೆ ನಿಲ್ಲುತ್ತವೆಯೇ? ನಿಲ್ಲಬಹುದು, ನಮಗೆ ಗೊತ್ತಿರುವುದನ್ನು ನಾವೇ ನೋಡದೆ ಇರುವುದುಂಟು. ಆದರೆ ಬ್ರ್ಯಾಡ್ಲಿ ಇಲ್ಲಿ ಅದನ್ನು ಬಿಡಿಸಿ ಹೇಳುವುದಿಲ್ಲ. ತೇಪೆ ಹಾಕಿ ದಾಟಿದ್ದರೆ ಈ ಬಿರುಕು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. "ದ್ವೇಷವೇ ಇಲ್ಲ" ಎಂದು ಹೇಳಿಸಿದ್ದರೆ ಬಿರುಕೇ ಇರುತ್ತಿರಲಿಲ್ಲ. ಈಗ ಅವಳು ಪುಟ ಸಂಖ್ಯೆ ಹಾಕಿ ಬ್ರ್ಯಾಡ್ಲಿಯವರ ಮಾತನ್ನು ಮುಗಿಸುತ್ತಾಳೆ, ಹೊಸ ವಾಕ್ಯ ಶುರು ಮಾಡುತ್ತಾಳೆ: "ನನಗೆ ಕಾಣುವಂತೆ, ಹ್ಯಾಮ್ಲೆಟ್‌ಗೆ ತನ್ನ ನೆಪದ ಬಗ್ಗೆ ಎಷ್ಟು ಗೊತ್ತಿತ್ತು ಎಂಬ ಪ್ರಶ್ನೆಯನ್ನು ಬ್ರ್ಯಾಡ್ಲಿ ತೆರೆದೇ ಬಿಟ್ಟಿದ್ದಾರೆ."